ಮುಂದಿನ ತಾರೀಖು ಯಾವುದಕ್ಕೆ?

ತಾಲ್ಲೂಕು ಕೋರ್ಟಿನಲ್ಲಿ ಒಂದು ಕೇಸಿನ ಆ ದಿನದ ಕೆಲಸ ಎರಡು ಮಾತಿನಲ್ಲಿ ಮುಗಿಯುತ್ತದೆ. ಒಂದು ಮುಂದಿನ ತಾರೀಖು, ಇನ್ನೊಂದು ಆ ತಾರೀಖಿನಂದು ಏನು ನಡೆಯಬೇಕು ಎಂಬುದು. ನ್ಯಾಯಾಧೀಶರು ‘ವಾದಿಯ ಸಾಕ್ಷ್ಯಕ್ಕೆ, ನವೆಂಬರ್ 18’ ಎಂದು ಹೇಳುತ್ತಿದ್ದಂತೆ ಅದು ಕಡತದ ಆರ್ಡರ್ ಶೀಟಿನಲ್ಲಿ ದಾಖಲಾಗುತ್ತದೆ. ಹಾಲ್‌ನಲ್ಲಿ ನಿಂತ ವಕೀಲರೋ ಅವರ ಗುಮಾಸ್ತರೋ ಅದೇ ಎರಡು ಮಾತನ್ನು ತಮ್ಮ ಡೈರಿಗೆ ಇಳಿಸಿಕೊಳ್ಳುತ್ತಾರೆ. ಸಂಜೆ ಆಫೀಸಿಗೆ ಮರಳಿದ ಮೇಲೆ ಗುಮಾಸ್ತರು ಡೈರಿ ಮುಂದಿಟ್ಟುಕೊಂಡು ಒಬ್ಬೊಬ್ಬ ಕಕ್ಷಿದಾರರಿಗೂ ಸಂದೇಶ ಕಳಿಸುತ್ತಾರೆ. ಹಿಂದೆ ಈ ಕೆಲಸ ಅಂಚೆ ಕಾರ್ಡಿನಲ್ಲಿ ಆಗುತ್ತಿತ್ತು. ಈಗ ವಾಟ್ಸಾಪಿನಲ್ಲಿ ಇಲ್ಲವೇ ಫೋನಿನಲ್ಲಿ ಆಗುತ್ತದೆ.

ಸಂದೇಶ ತಲುಪಿದಾಗ ಹೆಚ್ಚಿನವರ ಕಣ್ಣು ಮೊದಲು ಬೀಳುವುದು ತಾರೀಖಿನ ಮೇಲೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಸಂದೇಶದಲ್ಲಿ ಅದಕ್ಕಿಂತ ತೂಕದ ಮಾತು ತಾರೀಖಿನ ಪಕ್ಕದಲ್ಲೇ ಇರುತ್ತದೆ. ಅದು ಕೇಸನ್ನು ಯಾವುದಕ್ಕೆ ಇಟ್ಟಿದ್ದಾರೆ ಎಂಬ ಮಾತು. ಕಕ್ಷಿದಾರರು ಬರಲೇಬೇಕೇ, ಏನು ತರಬೇಕು, ಬಾರದಿದ್ದರೆ ಎಷ್ಟು ನಷ್ಟ ಎಂಬ ಮೂರು ಪ್ರಶ್ನೆಗೂ ಉತ್ತರ ಸಿಗುವುದು ಆ ಮಾತಿನಿಂದಲೇ.

ಒಂದು ಸಂದೇಶ

ಒಂದು ಸಾಮಾನ್ಯ ಜಮೀನಿನ ಕೇಸನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ರೈತ ಮಹಿಳೆಯೊಬ್ಬರಿಗೆ 1 ಎಕರೆ 20 ಗುಂಟೆ ಹೊಲವಿದೆ. ಗಂಡ 1996ರಲ್ಲಿ ನೋಂದಾಯಿತ ಕ್ರಯಪತ್ರದ ಮೂಲಕ ಅದನ್ನು ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಜಮೀನು ಹೆಂಡತಿಯ ಹೆಸರಿಗೆ ಬಂದಿದೆ. ಪಕ್ಕದ ಹೊಲದವರು ಬದು ಒತ್ತಿ ಉಳಲು ಬಂದದ್ದರಿಂದ ಆಕೆ 2022ರ ಆಗಸ್ಟಿನಲ್ಲಿ ಶಾಶ್ವತ ನಿರ್ಬಂಧಕಾಜ್ಞೆ ಕೋರಿ ದಾವೆ ಹಾಕಿದ್ದಾರೆ. ಪ್ರತಿವಾದಿ ಬಂದು ತಕರಾರು ಸಲ್ಲಿಸಿದ್ದಾನೆ. ಇಂಥ ಕೇಸಿನಲ್ಲಿ 2025ರ ಅಕ್ಟೋಬರ್ 14ರ ಸಂಜೆ ಒಬ್ಬ ಅನುಭವಿ ಗುಮಾಸ್ತರು ಕಳಿಸುವ ಸಂದೇಶ ಹೀಗಿರುತ್ತದೆ:

“ಅಮ್ಮ, ನಮಸ್ಕಾರ. ವಕೀಲರ ಆಫೀಸಿನಿಂದ. ನಿಮ್ಮ ಜಮೀನಿನ ಕೇಸು ಓ.ಎಸ್. 118/2022 ಇವತ್ತು ಕೂಗಿಸಿದರು. ವಿವಾದಾಂಶ ಬರೆದಾಯ್ತು. ಮುಂದಿನ ತಾರೀಖು 18-11-2025, ಮಂಗಳವಾರ, ವಾದಿಯ ಸಾಕ್ಷ್ಯಕ್ಕೆ. ಕೋರ್ಟು ಹಿಂದಿನದೇ, ಎರಡನೇ ಮಹಡಿ. ಬೆಳಿಗ್ಗೆ 10.30ಕ್ಕೆ ಹಾಲ್ ಹತ್ತಿರ ಇರಿ. ನೀವೇ ಬರಬೇಕು, ಮಗ ಬಂದರೆ ಆಗೋದಿಲ್ಲ. ಅದಕ್ಕೆ ಮುಂಚೆ 13ನೇ ತಾರೀಖು ಗುರುವಾರ ಸಂಜೆ 5ಕ್ಕೆ ಆಫೀಸಿಗೆ ಬನ್ನಿ, ಅಫಿಡವಿಟ್ ಓದಿ ಹೇಳ್ತೀವಿ. ತರಬೇಕಾದ್ದು: ಅಸಲು ಕ್ರಯಪತ್ರ, ಯಜಮಾನರ ಮರಣ ಪತ್ರ, ಪೌತಿ ಖಾತೆಯ ಮ್ಯುಟೇಶನ್, 2019-20ರಿಂದ 2022-23ರವರೆಗಿನ ಪಹಣಿ, ಕಂದಾಯದ ರಸೀದಿ, ಆಧಾರ್. ಎಲ್ಲದರದ್ದೂ ಎರಡೆರಡು ಜೆರಾಕ್ಸ್. ಬದುವಿನ ಬಗ್ಗೆ ಕರಾರು ಚೀಟಿ ಇದೆ ಅಂದಿದ್ರಲ್ಲ, ಅದನ್ನು ಈ ವಾರವೇ ಆಫೀಸಿಗೆ ತಂದು ತೋರಿಸಿ. ಆ ದಿನ ಬರೋದಕ್ಕೆ ತೊಂದರೆ ಇದ್ದರೆ ಈಗಲೇ ಹೇಳಿ. ಓದಿದ ಮೇಲೆ ‘ಸರಿ’ ಅಂತ ಕಳಿಸಿ.”

ಇದರಲ್ಲಿ ಒಂದು ಮಾತೂ ಹೆಚ್ಚಿಗೆಯಿಲ್ಲ. ಪ್ರತಿಯೊಂದು ಸಾಲಿನ ಹಿಂದೆಯೂ ಕಾನೂನಿನ ಒಂದು ನಿಯಮವಿದೆ, ಅಥವಾ ಹಿಂದೆ ಯಾರೋ ಕಕ್ಷಿದಾರರು ಪಟ್ಟ ಪಾಡಿದೆ.

ಸಂಖ್ಯೆ ಮತ್ತು ಹಂತ

‘ಓ.ಎಸ್. 118/2022’ ಎಂದರೆ ಆ ಕೋರ್ಟಿನಲ್ಲಿ 2022ರಲ್ಲಿ ದಾಖಲಾದ 118ನೇ ಅಸಲು ದಾವೆ. ಬೇರೆ ಕೋರ್ಟಿನಲ್ಲೂ ಇದೇ ಸಂಖ್ಯೆಯ ದಾವೆ ಇರಬಹುದು. ಹಾಗಾಗಿ ಪ್ರತಿ ಕೇಸಿಗೂ ದೇಶಕ್ಕೇ ಒಂದೇ ಆದ ಇನ್ನೊಂದು ಗುರುತಿದೆ. ಅದು 16 ಅಕ್ಷರ ಮತ್ತು ಅಂಕಿಗಳ ಸಿಎನ್ಆರ್ ಸಂಖ್ಯೆ. ಕರ್ನಾಟಕದ ಕೇಸುಗಳಲ್ಲಿ ಅದು KA ಎಂದು ಶುರುವಾಗಿ ದಾವೆ ದಾಖಲಾದ ಇಸವಿಯಿಂದ ಮುಗಿಯುತ್ತದೆ. ಗುಮಾಸ್ತರಿಂದ ಒಮ್ಮೆ ಇದನ್ನು ಕೇಳಿ ಬರೆದಿಟ್ಟುಕೊಂಡರೆ ಕೇಸು ಮುಗಿಯುವ ತನಕ ಉಪಯೋಗಕ್ಕೆ ಬರುತ್ತದೆ.

ಸಿವಿಲ್ ದಾವೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ಪ್ರತಿವಾದಿಗೆ ಸಮನ್ಸ್ ಹೋಗಬೇಕು. ಸಮನ್ಸ್ ಜಾರಿಯಾದ 30 ದಿನದೊಳಗೆ ಆತ ಲಿಖಿತ ಹೇಳಿಕೆ, ಅಂದರೆ ತಕರಾರು, ಸಲ್ಲಿಸಬೇಕು. ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಸಮಯ ಕೊಡಬಹುದು. ಇಬ್ಬರ ಮಾತನ್ನೂ ಓದಿದ ಮೇಲೆ ಯಾವ ಸಂಗತಿಗಳ ಮೇಲೆ ನಿಜವಾಗಿ ಜಗಳವಿದೆ ಎಂಬುದನ್ನು ನ್ಯಾಯಾಧೀಶರು ಪ್ರಶ್ನೆಗಳ ರೂಪದಲ್ಲಿ ಬರೆಯುತ್ತಾರೆ. ಇವೇ ವಿವಾದಾಂಶಗಳು. ಅಲ್ಲಿಂದ ಮುಂದೆ ವಾದಿಯ ಸಾಕ್ಷ್ಯ, ಪ್ರತಿವಾದಿಯ ಸಾಕ್ಷ್ಯ, ವಕೀಲರ ವಾದ ಮತ್ತು ತೀರ್ಪು ಬರುತ್ತವೆ.

ಸಮನ್ಸಿಗೋ ತಕರಾರಿಗೋ ಇಟ್ಟ ದಿನ ಸಾಮಾನ್ಯವಾಗಿ ವಕೀಲರು ಹಾಜರಿದ್ದರೆ ಸಾಕು. ಅಂಥ ದಿನಗಳಲ್ಲಿ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬಂದು ಹಾಲ್ ಹೊರಗೆ ನಿಂತು ಹೋಗುವವರು ಬಹಳ ಮಂದಿ. ಮೂರು ವರ್ಷ ಹೀಗೆ ಬಂದು ಬಂದು ಬೇಸತ್ತವರು, ಕೊನೆಗೆ ಬರಲೇಬೇಕಾದ ದಿನ ‘ಎಂದಿನಂತೆ ವಾಯಿದೆ ಕೊಡುತ್ತಾರೆ’ ಎಂದು ಮನೆಯಲ್ಲಿ ಉಳಿದುಬಿಡುತ್ತಾರೆ. ‘ವಾದಿಯ ಸಾಕ್ಷ್ಯಕ್ಕೆ’ ಎಂದು ಇಟ್ಟ ದಿನ ವಾದಿಯ ಬದಲು ವಕೀಲರು ನಿಲ್ಲಲಾರರು. ಆ ದಿನ ಮಾತಾಡಬೇಕಾದವರು ವಾದಿಯೇ.

ಮಗ ಬಂದರೆ ಏಕೆ ಆಗುವುದಿಲ್ಲ

ವಯಸ್ಸಾದ ತಾಯಿಯ ಪರವಾಗಿ ಮಗ ಅಧಿಕಾರ ಪತ್ರ ಹಿಡಿದು ಬರುವುದು ಸಾಮಾನ್ಯ. ಕಾಗದಕ್ಕೆ ಸಹಿ ಹಾಕುವುದು, ವಕೀಲರನ್ನು ನೇಮಿಸುವುದು, ಅರ್ಜಿ ಸಲ್ಲಿಸುವುದು ಇವೆಲ್ಲವನ್ನೂ ಆತ ಮಾಡಬಹುದು. ಆದರೆ ತಾಯಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ತಾಯಿಯ ಬದಲು ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳುವಂತಿಲ್ಲ. ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದ 2004ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಅಧಿಕಾರ ಪತ್ರ ಪಡೆದವನು ತಾನೇ ಮಾಡಿದ ಕೆಲಸದ ಬಗ್ಗೆ ಸಾಕ್ಷ್ಯ ನುಡಿಯಬಹುದು, ಅಧಿಕಾರ ಕೊಟ್ಟವರ ಸ್ವಂತ ತಿಳಿವಳಿಕೆಯ ಬಗ್ಗೆ ನುಡಿಯಲಾರ.

ಉದಾಹರಣೆಯ ಕೇಸಿನಲ್ಲಿ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಹಬ್ಬಕ್ಕಷ್ಟೇ ಊರಿಗೆ ಬರುವವನಾದರೆ, ಬದು ಯಾವಾಗ ಒತ್ತಿದರು, ಆ ದಿನ ಹೊಲದಲ್ಲಿ ಯಾರಿದ್ದರು ಎಂಬ ಪ್ರಶ್ನೆಗೆ ಅವನ ಉತ್ತರ ‘ಅಮ್ಮ ಹೇಳಿದರು’ ಎಂದಷ್ಟೇ ಆಗುತ್ತದೆ. ಆ ಉತ್ತರದಿಂದ ಕೇಸು ನಿಲ್ಲುವುದಿಲ್ಲ. ಅಕ್ಕಪಕ್ಕದ ಹೊಲದವರನ್ನು ಸಾಕ್ಷಿಗಳಾಗಿ ಕರೆತರುವುದಿದ್ದರೂ ಮೊದಲು ವಾದಿಯ ಸಾಕ್ಷ್ಯವಾಗಿ ಆಮೇಲೆ ಅವರ ಸರದಿ ಬರಬೇಕು ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸಾಮಾನ್ಯ ಕ್ರಮ. ಈ ಕ್ರಮ ಬದಲಿಸಲು ಕೋರ್ಟಿನ ಅನುಮತಿ ಬೇಕು. ಅದಕ್ಕಾಗಿಯೇ ಸಂದೇಶದಲ್ಲಿ ‘ಸಾಕ್ಷಿಗಳನ್ನೂ ಕರೆತನ್ನಿ’ ಎಂಬ ಮಾತಿಲ್ಲ.

ಅಫಿಡವಿಟ್‌ಗೆ ಐದು ದಿನ ಮುಂಚೆ ಏಕೆ

ಹಿಂದೆ ವಾದಿ ಕಟ್ಟೆ ಹತ್ತಿ ತನ್ನ ಕಥೆಯನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದರು, ಅದನ್ನು ಕೋರ್ಟು ಬರೆದುಕೊಳ್ಳುತ್ತಿತ್ತು. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಮುಖ್ಯ ವಿಚಾರಣೆ ಅಫಿಡವಿಟ್ ರೂಪದಲ್ಲಿ ಬರುತ್ತದೆ. ಹೇಳಬೇಕಾದ್ದನ್ನು ವಕೀಲರ ಆಫೀಸಿನಲ್ಲಿ ಟೈಪ್ ಮಾಡಿಸಿ, ಪ್ರಮಾಣ ಮಾಡಿ ಸಹಿ ಹಾಕಿ, ಎದುರು ಪಕ್ಷಕ್ಕೂ ಒಂದು ಪ್ರತಿ ಕೊಡಬೇಕು. ಆಮೇಲೆ ಎದುರು ವಕೀಲರು ಪಾಟೀ ಸವಾಲು ಮಾಡುತ್ತಾರೆ. ಅದು ಅದೇ ದಿನ ನಡೆಯಬಹುದು, ಮುಂದಿನ ತಾರೀಖಿಗೂ ಹೋಗಬಹುದು.

ಇಲ್ಲೊಂದು ಅಪಾಯವಿದೆ. ಅಫಿಡವಿಟ್ಟಿನ ಭಾಷೆ ವಕೀಲರದ್ದು, ಮಾತು ಕಕ್ಷಿದಾರರದ್ದು. ಕೋರ್ಟಿನ ಮೆಟ್ಟಿಲ ಮೇಲೆ ಅವಸರದಲ್ಲಿ ಸಹಿ ಹಾಕಿದರೆ ಅದರಲ್ಲಿ ಏನಿದೆ ಎಂಬುದೇ ಸಹಿ ಹಾಕಿದವರಿಗೆ ಗೊತ್ತಿರುವುದಿಲ್ಲ. ಹೊಲಕ್ಕೆ ಪೂರ್ವದಲ್ಲಿ ಹಳ್ಳ, ಪಶ್ಚಿಮದಲ್ಲಿ ಪ್ರತಿವಾದಿಯ ಜಮೀನು ಎಂದಿರಬೇಕಾದಲ್ಲಿ ಟೈಪ್ ಮಾಡುವಾಗ ಪೂರ್ವ ಪಶ್ಚಿಮ ಅದಲುಬದಲಾಗಿದೆ ಎನ್ನಿ. ಪಾಟೀ ಸವಾಲಿನಲ್ಲಿ ಆಕೆ ಇದ್ದದ್ದನ್ನು ಇದ್ದಂತೆ ಹೇಳಿದರೆ ಅದು ಆಕೆಯದೇ ಅಫಿಡವಿಟ್ಟಿಗೆ ವಿರುದ್ಧವಾಗುತ್ತದೆ. ಜಗಳವಿರುವುದೇ ಬದುವಿನ ಬಗ್ಗೆ ಆದ್ದರಿಂದ ಆ ಒಂದು ತಪ್ಪೇ ಎದುರು ಪಕ್ಷಕ್ಕೆ ಆಯುಧವಾಗುತ್ತದೆ.

13ನೇ ತಾರೀಖು ಆಫೀಸಿಗೆ ಕರೆಯುವುದು ಇದಕ್ಕೇ. ಅಂದು ಅಫಿಡವಿಟ್ಟನ್ನು ನಿಧಾನವಾಗಿ ಓದಿಸಿ ಕೇಳಬೇಕು. ಊರು, ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ, ಗಂಡ ತೀರಿಕೊಂಡ ದಿನ, ಬದು ಒತ್ತಿದ ದಿನ ಇಷ್ಟನ್ನು ಒಂದೊಂದಾಗಿ ತಾಳೆ ನೋಡಬೇಕು. ತಪ್ಪಿದ್ದರೆ ಅಲ್ಲೇ ತಿದ್ದಿಸಬೇಕು. ದಾವಾ ಅರ್ಜಿಯ ಪ್ರತಿಯನ್ನೂ ಒಮ್ಮೆ ಓದಿಸಿಕೊಳ್ಳುವುದು ಒಳ್ಳೆಯದು. ಮೂರು ವರ್ಷದ ಹಿಂದೆ ಅದರಲ್ಲಿ ಏನು ಬರೆಸಿದ್ದು ಎಂಬುದು ಎಷ್ಟೋ ಜನರಿಗೆ ಮರೆತಿರುತ್ತದೆ. ಇಂಥ ಪ್ರಶ್ನೆಗೆ ಇಂಥದೇ ಉತ್ತರ ಹೇಳಿ ಎಂದು ಕಂಠಪಾಠ ಮಾಡಿಸುವುದು ಈ ಓದಿನ ಉದ್ದೇಶವಲ್ಲ. ಕಂಠಪಾಠದ ಉತ್ತರ ಪಾಟೀ ಸವಾಲಿನ ನಾಲ್ಕನೇ ಪ್ರಶ್ನೆಗೇ ಮುರಿದು ಬೀಳುತ್ತದೆ.

ಕಾಗದ ಪತ್ರಗಳು

ಸಂದೇಶದ ಪಟ್ಟಿಯಲ್ಲಿ ಮೊದಲ ಮಾತೇ ‘ಅಸಲು’. ದಾವೆ ಹಾಕುವಾಗ ಜೆರಾಕ್ಸ್ ಪ್ರತಿ ಲಗತ್ತಿಸಿದ್ದರೂ ಸಾಕ್ಷ್ಯದ ದಿನ ಅಸಲು ಪತ್ರ ನ್ಯಾಯಾಧೀಶರ ಮುಂದೆ ಇರಬೇಕು. ಅಸಲು ಏಕಿಲ್ಲ ಎಂಬುದಕ್ಕೆ ಕಾನೂನು ಒಪ್ಪುವ ಕಾರಣ ತೋರಿಸದೆ ಬರೀ ಜೆರಾಕ್ಸನ್ನು ಗುರುತು ಮಾಡಿಸಲು ಹೋದರೆ ಎದುರು ವಕೀಲರು ಆಕ್ಷೇಪಣೆ ಎತ್ತುತ್ತಾರೆ. ಪಹಣಿ, ಮ್ಯುಟೇಶನ್‌ಗಳಂಥ ಸರ್ಕಾರಿ ದಾಖಲೆಗಳ ಅಸಲು ಕಚೇರಿಯಲ್ಲೇ ಇರುವುದರಿಂದ ಅವುಗಳಿಗೆ ದೃಢೀಕೃತ ನಕಲು ಸಾಕು. ಕ್ರಯಪತ್ರದ ಅಸಲು ಬ್ಯಾಂಕಿನಲ್ಲಿ ಅಡವಿದ್ದರೆ ಆ ವಿಷಯವನ್ನು ಸಂದೇಶ ಬಂದ ದಿನವೇ ತಿಳಿಸಬೇಕು. ಅದನ್ನು ಕೋರ್ಟಿಗೆ ತರಿಸುವುದಕ್ಕೆ ಬೇರೆ ದಾರಿ ಇದೆ, ಆದರೆ ಅದಕ್ಕೆ ದಿನಗಳು ಬೇಕು.

ಒಪ್ಪಿಕೊಂಡ ದಾಖಲೆಗಳಿಗೆ ಕೋರ್ಟು ನಿ.ಪಿ-1, ನಿ.ಪಿ-2 ಎಂದು ನಿಶಾನೆ ಹಾಕಿ ಕಡತಕ್ಕೆ ಸೇರಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಅಸಲು ಪತ್ರ ಕಕ್ಷಿದಾರರ ಕೈಯಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ಕೇಸು ತೀರ್ಮಾನವಾಗಿ ಮೇಲ್ಮನವಿಯ ಅವಧಿ ಕಳೆದ ಮೇಲೆ ಅರ್ಜಿ ಕೊಟ್ಟು ವಾಪಸು ಪಡೆಯಬೇಕು. ನಡುವೆ ಬೇಕೆಂದರೆ ದೃಢೀಕೃತ ನಕಲು ಇಟ್ಟು, ಮತ್ತೆ ಹಾಜರುಪಡಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು ಕೇಳಬಹುದು. ಆ ನಡುವೆ ಬೆಳೆ ಸಾಲಕ್ಕೋ ಖಾತೆ ಕೆಲಸಕ್ಕೋ ಪತ್ರ ಬೇಕಾದಾಗ ಕೈ ಕೈ ಹಿಸುಕಿಕೊಳ್ಳಬಾರದು ಎಂದಿದ್ದರೆ ಎಲ್ಲ ಪುಟಗಳ, ಸೀಲು ಇರುವ ಹಿಂಬದಿಯೂ ಸೇರಿ, ಸ್ಪಷ್ಟವಾದ ಜೆರಾಕ್ಸನ್ನು ಮನೆಯಲ್ಲಿ ಇಟ್ಟುಕೊಂಡಿರಬೇಕು.

ಪಹಣಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ‘ಪಹಣಿ ತನ್ನಿ’ ಎಂದರೆ ನಾಡಕಚೇರಿಗೆ ಹೋಗಿ ಈ ವರ್ಷದ ಪಹಣಿ ತೆಗೆಸಿಕೊಂಡು ಬರುತ್ತಾರೆ. ನಿರ್ಬಂಧಕಾಜ್ಞೆಯ ದಾವೆಯಲ್ಲಿ ಮುಖ್ಯ ಪ್ರಶ್ನೆ ಬೇರೆ: ದಾವೆ ಹಾಕಿದ ದಿನ ಜಮೀನು ಯಾರ ಸ್ವಾಧೀನದಲ್ಲಿತ್ತು? ಇಲ್ಲಿ ದಾವೆ ಹಾಕಿದ್ದು 2022ರ ಆಗಸ್ಟಿನಲ್ಲಿ. ಆದ್ದರಿಂದ ಬೇಕಾದ್ದು 2022-23ರ ಪಹಣಿ ಮತ್ತು ಅದರ ಹಿಂದಿನ ಕೆಲವು ವರ್ಷಗಳದ್ದು. ಅದರಲ್ಲೂ ನೋಡಬೇಕಾದ್ದು ಎರಡು ಕಾಲಂ. 9ನೇ ಕಾಲಂನಲ್ಲಿ ಖಾತೆದಾರರ ಹೆಸರಿರುತ್ತದೆ, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು ಮತ್ತು ಬೆಳೆ ಇರುತ್ತದೆ. ಈ ನಮೂದುಗಳು ತಪ್ಪೆಂದು ಸಾಬೀತಾಗುವ ತನಕ ಅಥವಾ ಕಾನೂನುರೀತ್ಯ ಬದಲಾಗುವ ತನಕ ಸರಿ ಎಂದೇ ಕೋರ್ಟು ಭಾವಿಸಬೇಕು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ. 2025ರ ಪಹಣಿ ಎಷ್ಟೇ ಚೆನ್ನಾಗಿದ್ದರೂ 2022ರ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿ ಬೇಕಾದರೆ ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ಅರ್ಜಿ ಹಾಕಿ ಕಾಯಬೇಕು. ಹಾಗಾಗಿ ಈ ಕೆಲಸವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬಾರದು.

ಇನ್ನು ಉಳಿದದ್ದು ಬದುವಿನ ಕರಾರು ಚೀಟಿ. ಊರ ಹಿರಿಯರು ಕೂತು ಪಂಚಾಯ್ತಿ ಮಾಡಿ ಬಿಳಿ ಹಾಳೆಯಲ್ಲಿ ಬರೆಸಿ ಇಬ್ಬರ ಸಹಿ ಹಾಕಿಸಿದ ಕಾಗದ ಅದು. ಇದೇ ತನ್ನ ದೊಡ್ಡ ಬಲ ಎಂದು ಕಕ್ಷಿದಾರರು ನಂಬಿರುತ್ತಾರೆ. ಇದನ್ನೇ ಗುಮಾಸ್ತರು ಮೊದಲು ಆಫೀಸಿಗೆ ತರಲು ಹೇಳುವುದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ವಾದಿ ತಾನು ನಂಬಿದ ದಾಖಲೆಗಳನ್ನು ದಾವೆಯ ಜೊತೆಯಲ್ಲೇ ಹಾಜರುಪಡಿಸಬೇಕು ಎಂಬ ನಿಯಮ. ಆಗ ಕೊಡದ ಕಾಗದವನ್ನು ಈಗ ಕೊಡಬೇಕಾದರೆ ತಡವೇಕಾಯಿತು ಎಂದು ವಿವರಿಸುವ ಅರ್ಜಿ ಹಾಕಿ ಕೋರ್ಟಿನ ಅನುಮತಿ ಪಡೆಯಬೇಕು. ಎದುರು ಪಕ್ಷ ಅದಕ್ಕೆ ಆಕ್ಷೇಪಣೆ ಸಲ್ಲಿಸಬಹುದು. ಆ ಅರ್ಜಿ ಸಿದ್ಧವಾಗುವುದು ಆಫೀಸಿನಲ್ಲಿ, ಕೋರ್ಟ್ ಹಾಲಿನಲ್ಲಲ್ಲ.

ಎರಡನೆಯದು ಸ್ಟಾಂಪಿನ ಪ್ರಶ್ನೆ. ಸ್ಟಾಂಪು ಶುಲ್ಕ ಕೊಡಬೇಕಾದ ಪತ್ರವನ್ನು ಬಿಳಿ ಹಾಳೆಯಲ್ಲಿ ಬರೆದಿದ್ದರೆ 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ ಪ್ರಕಾರ ಕೋರ್ಟು ಅದನ್ನು ಜಪ್ತಿ ಮಾಡಬೇಕಾಗುತ್ತದೆ. ಕೊರತೆ ಬಿದ್ದ ಶುಲ್ಕವನ್ನೂ ಅದರ ಹತ್ತರಷ್ಟು ದಂಡವನ್ನೂ ಕಟ್ಟುವ ತನಕ ಅದು ಸಾಕ್ಷ್ಯವಾಗುವುದಿಲ್ಲ. ಶುಲ್ಕದ ಕೊರತೆ 200 ರೂಪಾಯಿ ಎಂದು ಲೆಕ್ಕವಾದರೆ ದಂಡ 2,000, ಒಟ್ಟು 2,200 ರೂಪಾಯಿ. ಹಣ ತರದೆ ಬಂದವರಿಗೆ ಅಂದಿನ ಸಾಕ್ಷ್ಯವೇ ನಿಂತುಹೋಗಬಹುದು. ಆ ಕಾಗದದಲ್ಲಿ ಜಮೀನಿನ ಹಕ್ಕನ್ನೇ ಬಿಟ್ಟುಕೊಟ್ಟಂತೆ ಬರೆದಿದ್ದರೆ ನೋಂದಣಿಯ ಪ್ರಶ್ನೆಯೂ ಏಳುತ್ತದೆ. ಅದನ್ನು ಹಾಜರುಪಡಿಸುವುದರಿಂದ ಲಾಭವೋ ನಷ್ಟವೋ ಎಂಬ ತೀರ್ಮಾನ ವಕೀಲರದು. ಗುಮಾಸ್ತರು ಆ ಬಗ್ಗೆ ಸಲಹೆ ಕೊಡುವುದಿಲ್ಲ, ‘ಮೊದಲು ತಂದು ತೋರಿಸಿ’ ಎಂದಷ್ಟೇ ಹೇಳುತ್ತಾರೆ. 1961ರ ವಕೀಲರ ಕಾಯ್ದೆಯ ಪ್ರಕಾರ ವಕೀಲಿ ವೃತ್ತಿ ನಡೆಸುವ ಹಕ್ಕಿರುವುದು ನೋಂದಾಯಿತ ವಕೀಲರಿಗೆ ಮಾತ್ರ. ಎಷ್ಟೇ ಅನುಭವವಿದ್ದರೂ ಗುಮಾಸ್ತರು ಆ ಗೆರೆ ದಾಟುವಂತಿಲ್ಲ. ಕೇಸು ಗೆಲ್ಲುತ್ತದೆಯೇ ಎಂದು ಅವರನ್ನು ಕೇಳುವುದೂ ಸರಿಯಲ್ಲ.

ಆ ದಿನ ಮತ್ತು ಅದು ತಪ್ಪಿದರೆ

ಕಲಾಪ ಸಾಮಾನ್ಯವಾಗಿ 11ಕ್ಕೆ ಶುರುವಾಗುತ್ತದೆ. ಅಂದಿನ ಕೇಸುಗಳ ಪಟ್ಟಿ ಹಾಲಿನ ಹೊರಗೆ ಅಂಟಿಸಿರುತ್ತದೆ. ಕೇಸಿನ ಸರದಿ ಬಂದಾಗ ಜವಾನ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಯರ ಹೆಸರು ಕೂಗುತ್ತಾನೆ. ಮೊದಲ ಸುತ್ತಿನಲ್ಲಿ ಕೂಗಿ, ಸಾಕ್ಷ್ಯವಿರುವ ಕೇಸನ್ನು ಮಧ್ಯಾಹ್ನಕ್ಕೆ ಇಡುವುದುಂಟು. ಆದ್ದರಿಂದ ಇಡೀ ದಿನ ಬಿಡುವು ಮಾಡಿಕೊಂಡು ಬರಬೇಕು, ಚಹಾಕ್ಕೆ ಹೋಗುವುದಾದರೂ ಗುಮಾಸ್ತರಿಗೆ ಹೇಳಿ ಹೋಗಬೇಕು. ಕಟ್ಟೆ ಹತ್ತಿದ ಮೇಲೆ ಪ್ರಮಾಣ ಮಾಡಿಸಿ, ಅಫಿಡವಿಟ್ಟಿನ ಸಹಿ ತಮ್ಮದೇ ಎಂದು ಹೇಳಿಸಿ, ದಾಖಲೆಗಳಿಗೆ ನಿಶಾನೆ ಹಾಕುತ್ತಾರೆ. ಪಾಟೀ ಸವಾಲಿನ ಉತ್ತರಗಳನ್ನು ಟೈಪ್ ಮಾಡಿದ ಹಾಳೆಗೆ ಸಾಕ್ಷಿಯ ಸಹಿ ಬೇಕು. ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಬೇಕು, ತಪ್ಪು ಕಂಡರೆ ಆಗಲೇ ನ್ಯಾಯಾಧೀಶರ ಗಮನಕ್ಕೆ ತರಬೇಕು.

ವಾದಿ ಬರದೇ ಹೋದರೆ ಏನಾಗುತ್ತದೆ ಎಂಬುದು ಅಂದು ಯಾರು ಹಾಜರಿದ್ದರು ಎಂಬುದರ ಮೇಲೆ ನಿಂತಿದೆ. ವಕೀಲರಿದ್ದು ಸಕಾರಣ ಹೇಳಿದರೆ ಕೋರ್ಟು ಇನ್ನೊಂದು ವಾಯಿದೆ ಕೊಡಬಹುದು, ಅದಕ್ಕೆ ಖರ್ಚು ಕಟ್ಟಲು ಆದೇಶಿಸಬಹುದು. ವಿಚಾರಣೆಯ ಅವಧಿಯಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು ಎಂದು ಸಂಹಿತೆ ಹೇಳುತ್ತದೆ. ತೀರ ಅನಿವಾರ್ಯ ಸಂದರ್ಭಕ್ಕೆ ವಿನಾಯಿತಿ ಸಿಗಬಹುದಾದರೂ ಅದನ್ನು ನೆಚ್ಚಿ ಕೂರುವಂತಿಲ್ಲ. ತಾಳ್ಮೆ ಮುಗಿದ ದಿನ ‘ವಾದಿಯ ಸಾಕ್ಷ್ಯ ಇಲ್ಲ’ ಎಂದು ಬರೆದು ಕೇಸನ್ನು ಮುಂದಿನ ಹಂತಕ್ಕೆ ಒಯ್ಯುತ್ತಾರೆ. ಆಗ ಕೇಸು ಕಡತದಲ್ಲಿ ಬದುಕಿರುತ್ತದೆ, ಆದರೆ ಅದನ್ನು ಸಾಬೀತು ಮಾಡಲು ಏನೂ ಉಳಿದಿರುವುದಿಲ್ಲ.

ಪ್ರತಿವಾದಿ ಮಾತ್ರ ಹಾಜರಿದ್ದು, ವಾದಿಯೂ ಇಲ್ಲದೆ ವಾದಿಯ ಪರ ವಕೀಲರೂ ಇಲ್ಲದಿದ್ದರೆ ದಾವೆ ಗೈರುಹಾಜರಿಯ ಮೇಲೆ ವಜಾ ಆಗಬಹುದು. ಹಾಗೆ ವಜಾ ಆದರೆ ಅದೇ ಕಾರಣಕ್ಕೆ ಹೊಸ ದಾವೆ ಹಾಕುವಂತಿಲ್ಲ. ಉಳಿಯುವ ಮುಖ್ಯ ದಾರಿ ಎಂದರೆ ವಜಾ ಆದ 30 ದಿನದೊಳಗೆ ಅರ್ಜಿ ಹಾಕಿ, ಗೈರುಹಾಜರಿಗೆ ತಕ್ಕ ಕಾರಣ ತೋರಿಸಿ ದಾವೆಯನ್ನು ಮತ್ತೆ ಜೀವಂತ ಮಾಡಿಸುವುದು. 30 ದಿನ ಮೀರಿದರೆ ತಡವಾದ ಪ್ರತಿ ದಿನಕ್ಕೂ ವಿವರಣೆ ಕೊಟ್ಟು ವಿಳಂಬ ಮನ್ನಾ ಮಾಡಿ ಎಂದು ಕೇಳಬೇಕು. ಆಸ್ಪತ್ರೆಯಲ್ಲಿದ್ದವರು ದಾಖಲಾತಿ ಮತ್ತು ಬಿಡುಗಡೆಯ ಚೀಟಿಗಳನ್ನು ಜೋಪಾನ ಮಾಡಬೇಕಾದ್ದು ಇದಕ್ಕೇ. ಗುಮಾಸ್ತರ ಹಳೆಯ ಸಂದೇಶಗಳನ್ನೂ ಅಳಿಸಬಾರದು. ತಪ್ಪು ತಾರೀಖು ತಿಳಿಸಿದ್ದರಿಂದ ಬರಲಾಗಲಿಲ್ಲ ಎನ್ನುವ ಪರಿಸ್ಥಿತಿ ಬಂದರೆ ಆ ಸಂದೇಶವೇ ಕಾರಣಕ್ಕೆ ಆಧಾರವಾಗುತ್ತದೆ.

ತಾರೀಖನ್ನು ತಾಳೆ ನೋಡುವುದು

ಗುಮಾಸ್ತರು ಒಂದು ದಿನಕ್ಕೆ ಹತ್ತಾರು ಕೇಸುಗಳ ತಾರೀಖು ಬರೆದುಕೊಳ್ಳುತ್ತಾರೆ. ಗದ್ದಲದ ಹಾಲಿನಲ್ಲಿ ‘ಹದಿನೆಂಟು’ ಎಂಬುದು ‘ಇಪ್ಪತ್ತೆಂಟು’ ಎಂದು ಕೇಳಿಸಬಹುದು. ಅದಕ್ಕಾಗಿಯೇ ಅನುಭವಿಗಳು ತಾರೀಖಿನ ಜೊತೆ ವಾರವನ್ನೂ ಬರೆಯುತ್ತಾರೆ. ಎರಡೂ ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದು ಕ್ಯಾಲೆಂಡರ್ ನೋಡಿದ ಕೂಡಲೇ ತಿಳಿಯುತ್ತದೆ. ಕೇಸು ಬೇರೆ ಕೋರ್ಟಿಗೆ ವರ್ಗವಾಗುವುದು, ನ್ಯಾಯಾಧೀಶರು ರಜೆಯ ಮೇಲಿರುವುದು, ಆ ದಿನ ಸರ್ಕಾರ ರಜೆ ಘೋಷಿಸುವುದು ಇವೂ ನಡೆಯುತ್ತವೆ.

ಕಕ್ಷಿದಾರರೇ ತಾಳೆ ನೋಡಲು ದಾರಿಯಿದೆ. eCourts Services ಎಂಬ ಆ್ಯಪ್‌ನಲ್ಲಿ ಸಿಎನ್ಆರ್ ಸಂಖ್ಯೆ ಹಾಕಿದರೆ ಮುಂದಿನ ತಾರೀಖು, ಕೇಸಿನ ಹಂತ, ಕೋರ್ಟು ಮೂರೂ ಕಾಣುತ್ತವೆ. ಸಾದಾ ಫೋನ್ ಇರುವವರು 9766899899 ಸಂಖ್ಯೆಗೆ ಹೀಗೆ ಎಸ್ಸೆಮ್ಮೆಸ್ ಕಳಿಸಬಹುದು. ಕೋನ ಆವರಣದ ಜಾಗದಲ್ಲಿ ತಮ್ಮ ಕೇಸಿನ ಸಂಖ್ಯೆ ಹಾಕಬೇಕು:

```
ECOURTS <CNR>
```

ಆ ದಿನದ ವಿವರ ಕೂಡಲೇ ಅಲ್ಲಿ ಏರದೇ ಇರಬಹುದು. ಒಂದೆರಡು ದಿನ ಬಿಟ್ಟು ನೋಡಿದರೂ ಗುಮಾಸ್ತರ ಸಂದೇಶಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಆಫೀಸಿಗೆ ಫೋನ್ ಮಾಡಿ ಆರ್ಡರ್ ಶೀಟ್ ನೋಡಿ ಹೇಳುವಂತೆ ಕೇಳಬೇಕು. ಕೊನೆಗೆ ಲೆಕ್ಕಕ್ಕೆ ಬರುವುದು ಆರ್ಡರ್ ಶೀಟಿನಲ್ಲಿ ಬರೆದದ್ದೇ.

ಸಂದೇಶದಲ್ಲಿ ತಾರೀಖು ಮಾತ್ರ ಇದ್ದರೆ ಸುಮ್ಮನಾಗದೆ ಮೂರು ಮಾತು ತಿರುಗಿ ಕೇಳಬೇಕು: ಯಾವುದಕ್ಕೆ ಇಟ್ಟಿದ್ದಾರೆ? ನಾನೇ ಬರಬೇಕೇ? ಯಾವ ಕಾಗದದ ಅಸಲು ಬೇಕು? ಉತ್ತರ ಸಿಕ್ಕ ದಿನವೇ ಪೆಟ್ಟಿಗೆ ತೆರೆದು ಆ ಕಾಗದಗಳು ಇವೆಯೇ ಎಂದು ನೋಡಿ. ಇಲ್ಲದ್ದನ್ನು ಆ ದಿನವೇ ಗುಮಾಸ್ತರಿಗೆ ತಿಳಿಸಿ.